ಬೆನ್ನ ಹಿಂದಿನ ಕಿಟಕಿ, ಎದುರಿನ ಮಾನಿಟರ್: ಕಣ್ಣುರಿಯ ಬಗ್ಗೆ ಆಫೀಸಿಗೆ ಪತ್ರ ಬರೆಯುವ ಮುನ್ನ

ಪ್ರಶ್ನೆ: ನನಗೆ 43 ವರ್ಷ. ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಬೆಳಿಗ್ಗೆ 9:30ರಿಂದ ಸಂಜೆ 6ರವರೆಗೆ ಬಿಲ್ ಎಂಟ್ರಿ ಮಾಡುತ್ತೇನೆ. ಮಧ್ಯಾಹ್ನ 3 ಗಂಟೆಯ ಹೊತ್ತಿಗೆ ಕಣ್ಣು ಉರಿ, ಹಣೆನೋವು, ಅಂಕಿಗಳೆಲ್ಲ ಮಸುಕು. ಬೆನ್ನ ಹಿಂದೆ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದೆ. ಆಂಟಿ-ಗ್ಲೇರ್ ಸ್ಕ್ರೀನ್ ಹಾಕಿಸಿ, ನಡುನಡುವೆ ಸ್ವಲ್ಪ ಬಿಡುವು ಕೊಡಿ ಎಂದು ಬಾಯಿಮಾತಿನಲ್ಲಿ ಕೇಳಿದ್ದಕ್ಕೆ, "ಎಲ್ಲರೂ ಇದೇ ಕಂಪ್ಯೂಟರಲ್ಲೇ ಕೆಲಸ ಮಾಡ್ತಿದಾರಲ್ಲ ಮೇಡಂ" ಅಂದರು. ಬರವಣಿಗೆಯಲ್ಲೇ ಕೊಡೋಣ ಅಂತಿದ್ದೇನೆ. ಪತ್ರದಲ್ಲಿ ಏನೆಂದು ಬರೆಯಲಿ, ಡಾಕ್ಟರೇ?

ಉತ್ತರ: ಖಂಡಿತ ಬರೆಯಿರಿ. ಆದರೆ ಎರಡು ದಿನ ತಡೆದು ಬರೆಯಿರಿ. ಇಂಥ ಪತ್ರಗಳನ್ನು ನನ್ನ ರೋಗಿಗಳು ಆಗಾಗ ತಂದು ತೋರಿಸುತ್ತಾರೆ. ಅವು ಬಿದ್ದುಹೋಗುವುದಕ್ಕೆ ಬಹಳ ಸಲ ಒಂದೇ ಕಾರಣ. ಬೇರೆ ಬೇರೆ ತೊಂದರೆಗಳನ್ನು ಒಂದೇ ಗಂಟಿಗೆ ಕಟ್ಟಿ "ಕಣ್ಣಿಗೆ ತೊಂದರೆ, ಆಂಟಿ-ಗ್ಲೇರ್ ಬೇಕು, ಬಿಡುವು ಬೇಕು" ಎಂದು ಬರೆದಿರುತ್ತಾರೆ. ಮಾನಿಟರ್ ಮೇಲೆ ಬೀಳುವ ಬೆಳಕು ಒಂದು ತೊಂದರೆ. ಕಣ್ಣು ಒಣಗುವುದು ಇನ್ನೊಂದು. ಫಿಲ್ಟರ್ ಹಾಕಿದ ಮಾತ್ರಕ್ಕೆ ಒಣಗಿದ ಕಣ್ಣು ತೇವವಾಗುವುದಿಲ್ಲ, ಬಿಡುವು ಕೊಟ್ಟರೆ ಕಿಟಕಿಯ ಬಿಸಿಲು ಹೋಗುವುದಿಲ್ಲ. ಯಾವ ಬೇಡಿಕೆ ಯಾವ ತೊಂದರೆಗೆ ಎಂಬುದು ನಿಮಗೆ ಸ್ಪಷ್ಟವಾಗಿದ್ದರೆ ಓದುವವರಿಗೂ ಸ್ಪಷ್ಟವಾಗುತ್ತದೆ.

ಮೊದಲು ಬೆಳಕಿನ ವಿಷಯ. ನಾಳೆ ಮಧ್ಯಾಹ್ನ 3 ಗಂಟೆಗೆ, ಕಣ್ಣು ಕಷ್ಟ ಕೊಡುವ ಅದೇ ಹೊತ್ತಿಗೆ, ಕುರ್ಚಿಯಲ್ಲಿ ದಿನಾ ಕೂರುವ ಹಾಗೇ ಕೂತು ಮಾನಿಟರ್‌ನ ಸ್ವಿಚ್ ಆರಿಸಿ. ಕಪ್ಪಾದ ಆ ಗಾಜಿನಲ್ಲಿ ಏನು ಕಾಣುತ್ತದೆ ನೋಡಿ. ಕಿಟಕಿಯ ಚೌಕ ಕಾಣಬಹುದು, ತಲೆಯ ಮೇಲಿನ ಟ್ಯೂಬ್‌ಲೈಟ್ ಗೆರೆಯಾಗಿ ಕಾಣಬಹುದು, ನಿಮ್ಮ ಬಿಳಿ ದುಪಟ್ಟಾ ಕೂಡ ಕಾಣಬಹುದು. ಮಾನಿಟರ್ ಉರಿಯುತ್ತಿರುವಾಗಲೂ ಅದೆಲ್ಲ ಅಲ್ಲೇ ಇರುತ್ತದೆ, ಅಕ್ಷರಗಳ ಮೇಲೆ ತೆಳುವಾಗಿ ಹರಡಿಕೊಂಡಿರುತ್ತದೆ. ನೀವು ಇಡೀ ಮಧ್ಯಾಹ್ನ ಅದನ್ನು ತೂರಿಕೊಂಡು ಅಂಕಿ ಓದುತ್ತಿದ್ದೀರಿ. ಕೂತಲ್ಲಿಂದಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಒಂದು ಬಾಕ್ಸ್ ಫೈಲನ್ನು ಮಾನಿಟರ್‌ನ ನೆತ್ತಿಯ ಮೇಲೆ ಸೂರಿನ ಹಾಗೆ ಮುಂದಕ್ಕೆ ಹಿಡಿಯಿರಿ. ಬೆಳಕಿನ ಗೆರೆ ಮಾಯವಾದರೆ ಟ್ಯೂಬ್‌ಲೈಟ್ ಕಾರಣ. ಹಾಗೇ ಇದ್ದರೆ ಹಿಂದಿನ ಕಿಟಕಿ.

ಆ ಪ್ರತಿಬಿಂಬ ಹೇಗಿದೆ ಎಂಬುದನ್ನೂ ಗಮನಿಸಿ. ನಿಮ್ಮ ಮುಖ ಕನ್ನಡಿಯಲ್ಲಿ ಕಂಡಂತೆ ಅಚ್ಚುಕಟ್ಟಾಗಿ ಕಂಡರೆ ಅದು ಹೊಳಪಿನ ಗಾಜು, ಅದಕ್ಕೆ ಆಂಟಿ-ಗ್ಲೇರ್ ಫಿಲ್ಮ್ ಕೆಲಸಕ್ಕೆ ಬರುತ್ತದೆ. ಮುಖ ಗುರುತೇ ಸಿಗದೆ, ಕಿಟಕಿಯಿದ್ದ ಕಡೆ ಬರೀ ಬೆಳ್ಳಗಿನ ಮಬ್ಬು ಕಂಡರೆ ಅದು ಮ್ಯಾಟ್ ಮಾನಿಟರ್. ಅಂದರೆ ಆಂಟಿ-ಗ್ಲೇರ್ ಲೇಪ ಕಾರ್ಖಾನೆಯಲ್ಲೇ ಹಾಕಿಯಾಗಿದೆ. ಆಫೀಸುಗಳಿಗೆಂದು ಕೊಳ್ಳುವ ಮಾನಿಟರ್‌ಗಳು ಸಾಮಾನ್ಯವಾಗಿ ಮ್ಯಾಟ್ ಆಗಿಯೇ ಬರುತ್ತವೆ. ನಿಮ್ಮದೂ ಹಾಗೇ ಇರಬಹುದು. ಮ್ಯಾಟ್ ಲೇಪ ಬೆಳಕನ್ನು ನುಂಗುವುದಿಲ್ಲ, ಚೂಪಾದ ಪ್ರತಿಬಿಂಬವನ್ನು ಒಡೆದು ಸುತ್ತಲೂ ಹರಡುತ್ತದೆ ಅಷ್ಟೆ. ಟ್ಯೂಬ್‌ಲೈಟಿನಷ್ಟು ಬೆಳಕಿಗೆ ಅದು ಸಾಕು. ಪಶ್ಚಿಮದ ಬಿಸಿಲು ನೇರವಾಗಿ ಬಿದ್ದಾಗ ಹರಡಿದ ಬೆಳಕೇ ಇಡೀ ಪರದೆಗೆ ಬಿಳಿ ಮುಸುಕು ಹಾಕಿದಂತಾಗಿ ಕಪ್ಪು ಅಕ್ಷರ ಬೂದು ಬಣ್ಣವಾಗಿ ಕಾಣುತ್ತದೆ. ಇದರ ಮೇಲೆ ಇನ್ನೊಂದು ಫಿಲ್ಮ್ ಅಂಟಿಸಿದರೆ ಅಕ್ಷರದ ಅಂಚು ಇನ್ನಷ್ಟು ಮಂಕಾಗುತ್ತದೆ. ಇಲ್ಲಿ ಕೇಳಬೇಕಾದದ್ದು ಫಿಲ್ಮ್ ಅಲ್ಲ. ಮೇಜು ತಿರುಗಿಸಿ, ಇಲ್ಲವೇ ಕಿಟಕಿಗೆ ರೋಲರ್ ಬ್ಲೈಂಡ್ ಹಾಕಿಸಿ ಎಂದು ಕೇಳಬೇಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಚೇರಿಯೊಂದರ ದಾಖಲೆ ವಿಭಾಗದಲ್ಲಿದ್ದ ಒಬ್ಬರು ನನ್ನಲ್ಲಿ ತೋರಿಸಿಕೊಳ್ಳುತ್ತಿದ್ದರು. ಅವರೂ ಸಹೋದ್ಯೋಗಿಗಳೂ ಸೇರಿ ಆಂಟಿ-ಗ್ಲೇರ್ ಬೇಕೆಂದು ಬರೆದುಕೊಟ್ಟರು, ಆಡಳಿತದವರು ಒಪ್ಪಿಯೂ ಒಪ್ಪಿದರು. ಆದರೆ ಬಂದದ್ದು ಪ್ರೈವಸಿ ಫಿಲ್ಟರ್, ಪಕ್ಕದಲ್ಲಿ ಕೂತವರಿಗೆ ಪರದೆ ಕಾಣದಂತೆ ಮಾಡುವ ಹಾಳೆ. ಅದು ಪರದೆಯನ್ನು ಮಂದ ಮಾಡುತ್ತದೆ. ಮೊದಲೇ ಮ್ಯಾಟ್ ಆಗಿದ್ದ ಮಾನಿಟರ್ ಮೇಲೆ ಅದನ್ನು ಅಂಟಿಸಿದ ಮೇಲೆ ಎಲ್ಲರೂ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡರು, ಮುಂದಕ್ಕೆ ಬಾಗಿ ಕೂತರು. ತಿಂಗಳೊಳಗೆ ಕತ್ತುನೋವೂ ಜೊತೆಗೂಡಿತು. ಅದಾದ ಮೇಲೆ ಅವರು ಏನು ಕೇಳಿದರೂ "ಕೊಟ್ಟಿದ್ದೇವಲ್ಲ" ಎಂಬ ಒಂದೇ ಉತ್ತರ. ಬೇಕಾದ ವಸ್ತುವಿನ ಹೆಸರು ಹೇಳಿ ಕೇಳಿದ್ದರು, ಸೀಟಿನಲ್ಲಿ ಏನಾಗುತ್ತಿದೆ ಎಂಬುದನ್ನು ಯಾರೂ ಬರೆದಿರಲಿಲ್ಲ.

ಮೇಜಿಗೆ ಸರಿಯಾದ ಜಾಗ ಯಾವುದೆಂದರೆ, ಕಿಟಕಿ ನಿಮ್ಮ ಬೆನ್ನಿಗೂ ಇರಬಾರದು, ಮುಖಕ್ಕೂ ಇರಬಾರದು, ಎಡಕ್ಕೋ ಬಲಕ್ಕೋ ಇರಬೇಕು. ಬೆನ್ನಿಗಿದ್ದರೆ ಬೆಳಕು ಪರದೆಗೆ ಬಡಿದು ವಾಪಸು ಬರುತ್ತದೆ. ಮುಖಕ್ಕಿದ್ದರೆ ಪರದೆಯ ಹಿಂದಿನ ಆಕಾಶವೇ ಕಣ್ಣು ಕುಕ್ಕುತ್ತದೆ. ಮೇಜನ್ನು ಕಾಲುಸುತ್ತು ತಿರುಗಿಸಲು ಖರ್ಚಿಲ್ಲ, ಪ್ಲಗ್ ಪಾಯಿಂಟ್ ದೂರವಾದರೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಸಾಕು. ಪತ್ರದಲ್ಲಿ ಇದನ್ನೇ ಮೊದಲು ಕೇಳಿ.

ಇನ್ನು ಉರಿಯ ವಿಷಯ. ನನ್ನ ಕೋಣೆಯಲ್ಲಿ ಕಣ್ಣಿಗೆ ಹಳದಿ ಬಣ್ಣದ ಒಂದು ಹನಿ ಮುಟ್ಟಿಸಿ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೀಲಿ ಬೆಳಕು ಬಿಟ್ಟು ನೋಡುತ್ತೇನೆ. ಕಣ್ಣಿನ ಮೇಲಿನ ಕಣ್ಣೀರಿನ ಪದರ ಹಸಿರಾಗಿ ಹೊಳೆಯುತ್ತದೆ. ಒಂದು ಸಲ ರೆಪ್ಪೆ ಬಡಿದು ಹಾಗೇ ಕಣ್ಣು ತೆರೆದಿರಿ ಎನ್ನುತ್ತೇನೆ. ಮೊದಲಿಗೆ ಆ ಹಸಿರು ಕೆರೆಯ ನೀರಿನಂತೆ ಸಮನಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲೋ ಒಂದು ಕಪ್ಪು ಚುಕ್ಕೆ ಮೂಡುತ್ತದೆ, ಅದು ಗೆರೆಯಾಗಿ ಹಬ್ಬುತ್ತದೆ. ಪದರ ಹರಿದು ಕಣ್ಣಿನ ಮೈ ಬಯಲಿಗೆ ಬಿದ್ದ ಜಾಗ ಅದು. ಆ ಚುಕ್ಕೆ 10 ಸೆಕೆಂಡಿನೊಳಗೇ ಮೂಡಿದರೆ ಪದರ ಗಟ್ಟಿಯಾಗಿಲ್ಲ ಎಂದು ಲೆಕ್ಕ. ಪರದೆಯ ಮುಂದೆ ದಿನವಿಡೀ ಕೂರುವವರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ಸುಮ್ಮನೆ ಮಾತಾಡುತ್ತ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯ ಮೇಲಿನ ಅಂಕಿಯಲ್ಲಿ ಮುಳುಗಿದಾಗ ಅದು 5-7ಕ್ಕೆ ಇಳಿಯುತ್ತದೆ. ಬಡಿದರೂ ಪೂರ್ತಿ ಮುಚ್ಚುವುದಿಲ್ಲ, ಮೇಲಿನ ರೆಪ್ಪೆ ಅರ್ಧಕ್ಕೇ ಬಂದು ಹಿಂದಿರುಗುತ್ತದೆ. ಕೆಳಗಿನ ಅರ್ಧ ಒಣಗುತ್ತಲೇ ಇರುತ್ತದೆ. ಏಸಿಯ ಗಾಳಿ ನೇರ ಮುಖಕ್ಕೆ ಬೀಳುತ್ತಿದ್ದರೆ ಇನ್ನೂ ಬೇಗ. ಉರಿಯ ಜೊತೆಗೆ ಅಂಕಿ ಮಸುಕಾಗಿ, ಎರಡು ಮೂರು ಸಲ ಕಣ್ಣು ಮಿಟುಕಿಸಿದ ಕೂಡಲೇ ತಿಳಿಯಾದರೆ ಆ ಮಸುಕು ಒಣಗಿದ್ದರಿಂದ ಬಂದದ್ದು. ನೀವು ಕೇಳುವ ಬಿಡುವಿಗೆ ಇದೇ ಆಧಾರ. ಕಣ್ಣಿಗೆ ದಣಿವಾಯಿತೆಂದು ನಿದ್ದೆಗಾಗಿ ಕೇಳುವ ಬಿಡುವಲ್ಲ ಇದು. ರೆಪ್ಪೆ ತನ್ನ ಲಯಕ್ಕೆ ಮರಳಿ ಪದರ ಕೂಡಿಕೊಳ್ಳುವುದಕ್ಕೂ, ಗಂಟೆಗಟ್ಟಲೆ ಹತ್ತಿರಕ್ಕೇ ಬಿಗಿಹಿಡಿದ ಕಣ್ಣಿನೊಳಗಿನ ಸ್ನಾಯು ಸಡಿಲವಾಗುವುದಕ್ಕೂ ಬೇಕಾದ ಸಮಯ.

ಎಷ್ಟು ಸಮಯ? 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎಂಬ ಸಲಹೆ ನೀವು ಕೇಳಿರುತ್ತೀರಿ. ಅದಕ್ಕೆ ಯಾರ ಅನುಮತಿಯೂ ಬೇಡ, ಕೂತಲ್ಲೇ ಮಾಡಬಹುದು. ಕಾರಿಡಾರಿನ ತುದಿಯ ಕ್ಯಾಲೆಂಡರನ್ನೋ ಹೊರಗಿನ ಮರವನ್ನೋ ನೋಡಿ, ನೋಡುತ್ತ ನಾಲ್ಕೈದು ಸಲ ರೆಪ್ಪೆಯನ್ನು ಮೆತ್ತಗೆ ಪೂರ್ತಿ ಮುಚ್ಚಿ ತೆರೆಯಿರಿ. ಆಡಳಿತದವರಲ್ಲಿ ಕೇಳಬೇಕಾದದ್ದು ಗಂಟೆಗೆ 5 ನಿಮಿಷ ಸೀಟು ಬಿಟ್ಟು ಏಳುವ ಬಿಡುವು. ಬ್ರಿಟನ್ನಿನಲ್ಲಿ ಪರದೆ ಕೆಲಸಕ್ಕೆಂದೇ 1992ರ ನಿಯಮಾವಳಿ ಇದೆ. ಅಲ್ಲಿನ ಆರೋಗ್ಯ-ಸುರಕ್ಷತಾ ಇಲಾಖೆಯ ಸಲಹೆಯೂ ಇದೇ ಧಾಟಿಯದು: 2 ಗಂಟೆಗೊಮ್ಮೆ 20 ನಿಮಿಷಕ್ಕಿಂತ ಗಂಟೆಗೊಮ್ಮೆ 5-10 ನಿಮಿಷ ಮೇಲು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸದೆ 1 ಗಂಟೆ ವಿರಾಮ ಕೊಡಬೇಕೆನ್ನುತ್ತದೆ, ಪರದೆಯ ಮಾತು ಅದರಲ್ಲಿಲ್ಲ. ಆದ್ದರಿಂದ ಪತ್ರದಲ್ಲಿ ಕಾನೂನಿನ ಬೆದರಿಕೆ ಬೇಡ. ನಿಮ್ಮ ಊಟದ ಬಿಡುವು ಒಂದು ಗಂಟೆ ಇದ್ದರೆ ಆ ಕಾಯ್ದೆಯನ್ನು ಅವರು ಪಾಲಿಸಿಯೇ ಇದ್ದಾರೆ.

ಮ್ಯಾನೇಜರ್‌ಗೆ ಇರುವ ನಿಜವಾದ ಅಳುಕು ಎಂದರೆ ಕೆಲಸ ಕಡಿಮೆಯಾದೀತು ಎಂಬುದು. ಅದಕ್ಕೆ ಉತ್ತರ ನಿಮ್ಮ ಕೆಲಸವನ್ನೇ ಮಾಡುವವರಿಂದ ಬಂದಿದೆ. ಅಮೆರಿಕದ ತೆರಿಗೆ ಇಲಾಖೆಯ ಡೇಟಾ ಎಂಟ್ರಿ ಸಿಬ್ಬಂದಿಯ ಮೇಲೆ ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮಾಮೂಲಿ ಎರಡು ಬಿಡುವುಗಳ ಜೊತೆಗೆ ದಿನಕ್ಕೆ 20 ನಿಮಿಷ ಹೆಚ್ಚುವರಿಯಾಗಿ, ತಲಾ 5 ನಿಮಿಷದಂತೆ ಹಂಚಿ ಕೊಟ್ಟು ನೋಡಿದರು. ಕಣ್ಣಿನ ಆಯಾಸವೂ ಮೈನೋವೂ ಕಡಿಮೆಯಾದವು. ಆ 20 ನಿಮಿಷ ಹೋದರೂ ಎಂಟ್ರಿಯ ಪ್ರಮಾಣ ಕುಗ್ಗಲಿಲ್ಲ.

ನಿಮ್ಮ ದಿನಕ್ಕೂ ಅದನ್ನೇ ಹೊಂದಿಸೋಣ. ಊಟ 1:30ರಿಂದ 2:30, ಚಹಾ 4:30 ಎಂದಿಟ್ಟುಕೊಂಡರೆ 10:30, 11:30, 12:30 ಮತ್ತು 3:30ಕ್ಕೆ ತಲಾ 5 ನಿಮಿಷ, ಒಟ್ಟು 20 ನಿಮಿಷ. ಆ ಹೊತ್ತಿನಲ್ಲಿ ಪ್ರಿಂಟ್ ತರುವುದು, ಫೈಲು ಇನ್ನೊಂದು ವಿಭಾಗಕ್ಕೆ ಕೊಟ್ಟು ಬರುವುದು, ನೀರು ತುಂಬಿಕೊಳ್ಳುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮೊಬೈಲ್ ನೋಡುವುದು ಮಾತ್ರ ಬರುವುದಿಲ್ಲ. ಮಾನಿಟರ್‌ಗಿಂತ ಇನ್ನೂ ಹತ್ತಿರದಲ್ಲಿ, ಅದೇ ರೆಪ್ಪೆ ಬಡಿಯದ ಕಣ್ಣಿನಲ್ಲಿ ನೋಡುತ್ತೀರಿ. ಮೇಲಾಗಿ, ಬಿಡುವಿನಲ್ಲಿ ಮೊಬೈಲ್ ಹಿಡಿದು ನಿಂತದ್ದನ್ನು ಯಾರಾದರೂ ಕಂಡರೆ ನಿಮ್ಮ ಪತ್ರದ ಬೆಲೆ ಅಲ್ಲಿಗೇ ಮುಗಿಯಿತು.

ಪತ್ರ ಕೊಡುವ ಮುಂಚೆ ಕನ್ನಡಕದ ಪರೀಕ್ಷೆ ಆಗಲೇಬೇಕು. ಹಣೆನೋವು ಎಂದಿದ್ದೀರಿ, ವಯಸ್ಸು 43 ಎಂದಿದ್ದೀರಿ, ಕನ್ನಡಕದ ಮಾತೇ ಎತ್ತಿಲ್ಲ. ಆ ಹಣೆನೋವಿನಲ್ಲಿ ದೊಡ್ಡ ಪಾಲು ಇದರದ್ದೇ ಇರಬಹುದೆಂದು ನನ್ನ ಅನುಮಾನ. ನಲವತ್ತರ ಆಸುಪಾಸಿನಲ್ಲಿ ಕಣ್ಣಿನೊಳಗಿನ ಮಸೂರ ಗಡಸಾಗುತ್ತ ಹತ್ತಿರದ್ದನ್ನು ಹಿಡಿದು ನೋಡುವ ಶಕ್ತಿ ಕುಂದುತ್ತದೆ. ಬೆಳಿಗ್ಗೆ ಹೇಗೋ ಎಳೆದುಕೊಂಡು ಹೋಗುತ್ತದೆ, ಮಧ್ಯಾಹ್ನಕ್ಕೆ ಸೋಲುತ್ತದೆ. ಅಲ್ಲದೆ ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕದ ದೂರಕ್ಕೆ, ಅಂದರೆ ಸುಮಾರು 40 ಸೆಂ.ಮೀ.ಗೆ ಕೊಡುತ್ತಾರೆ. ಮಾನಿಟರ್ ಇರುವುದು 60-65 ಸೆಂ.ಮೀ. ದೂರದಲ್ಲಿ. ಆ ಕನ್ನಡಕ ಹಾಕಿಕೊಂಡರೆ ಪರದೆ ಸ್ಪಷ್ಟವಾಗಲು ಮುಂದೆ ಬಾಗಬೇಕು. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಪವರ್ ಇರುವ ಪ್ರೋಗ್ರೆಸಿವ್ ಕನ್ನಡಕವಾದರೆ ಗದ್ದ ಎತ್ತಿ ಕೆಳಭಾಗದಿಂದ ನೋಡಬೇಕು. ಟೇಪ್ ಹಿಡಿದು ಕಣ್ಣಿನಿಂದ ಪರದೆಗೆ ಎಷ್ಟು ಸೆಂ.ಮೀ. ಎಂದು ಅಳೆದು, ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಪರೀಕ್ಷೆಗೆ ಹೋಗಿ. ಇದಾಗದೆ ಮೇಜು ತಿರುಗಿಸಿದರೂ, ಬಿಡುವು ಸಿಕ್ಕರೂ ಹಣೆನೋವು ಹಾಗೇ ಉಳಿದರೆ, "ನೋಡಿ, ಕೊಟ್ಟು ಪ್ರಯೋಜನವಾಗಲಿಲ್ಲ" ಎನ್ನುತ್ತಾರೆ. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಲೆನ್ಸಿಗೆ ಹೆಚ್ಚು ಹಣ ಕೊಡಬೇಡಿ. ಅದರಿಂದ ಕಣ್ಣಿನ ಆಯಾಸ ಇಳಿಯುತ್ತದೆಂಬುದಕ್ಕೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯಲ್ಲಿ ಆಧಾರ ಸಿಗಲಿಲ್ಲ. ಪತ್ರದಲ್ಲೂ ನೀಲಿ ಬೆಳಕಿನ ಮಾತು ತರಬೇಡಿ.

ವೈದ್ಯರ ಚೀಟಿಯಲ್ಲಿ "ವಿಶ್ರಾಂತಿ ಅಗತ್ಯ" ಎಂದಷ್ಟೇ ಬರೆಸಿಕೊಳ್ಳಬೇಡಿ, ಅದನ್ನು ರಜೆಯ ಚೀಟಿ ಎಂದೇ ಓದುತ್ತಾರೆ. ಕಣ್ಣು ಒಣಗುತ್ತಿದೆ, ಪರದೆ ಕೆಲಸದಲ್ಲಿ ಗಂಟೆಗೆ 5 ನಿಮಿಷ ಬಿಡುವು ಬೇಕು, ಪರದೆಯ ಮೇಲೆ ಬಿಸಿಲು ಬೀಳಬಾರದು, ಈ ಮೂರು ಸಾಲು ಸಾಕು. ಪತ್ರ ಹೀಗಿರಲಿ:

ದಿನಾಂಕ: ____

ಇಂದ: (ಹೆಸರು, ಹುದ್ದೆ), ಅಕೌಂಟ್ಸ್ ವಿಭಾಗ

ಇವರಿಗೆ: ಮ್ಯಾನೇಜರ್, ಮಾನವ ಸಂಪನ್ಮೂಲ ವಿಭಾಗ

ಮೂಲಕ: ಮುಖ್ಯಸ್ಥರು, ಅಕೌಂಟ್ಸ್ ವಿಭಾಗ

ಮಾನ್ಯರೇ,

ವಿಷಯ: ನನ್ನ ಮೇಜಿನ ಜಾಗ ಬದಲಾವಣೆ ಹಾಗೂ ಗಂಟೆಗೆ 5 ನಿಮಿಷದ ಬಿಡುವನ್ನು 4 ವಾರ ಪ್ರಾಯೋಗಿಕವಾಗಿ ಕೊಡುವ ಕುರಿತು.

ನಾನು ದಿನಕ್ಕೆ ಸುಮಾರು 7 ಗಂಟೆ ಪರದೆ ನೋಡಿ ಬಿಲ್ ಎಂಟ್ರಿ ಮಾಡುತ್ತೇನೆ. ನನ್ನ ಹಿಂದಿನ ಪಶ್ಚಿಮದ ಕಿಟಕಿಯ ಬೆಳಕು ಮಧ್ಯಾಹ್ನ 2:30ರಿಂದ 5ರವರೆಗೆ ಪರದೆಯ ಮೇಲೆ ಬೀಳುತ್ತದೆ. 3 ಗಂಟೆಗೆ ಮಾನಿಟರ್ ಆರಿಸಿ ತೆಗೆದ ಫೋಟೋ ಲಗತ್ತಿಸಿದ್ದೇನೆ. ಆ ಹೊತ್ತಿನಲ್ಲಿ 3 ಮತ್ತು 8, 1 ಮತ್ತು 7 ನನಗೆ ಬೇರೆಬೇರೆಯಾಗಿ ಕಾಣುವುದಿಲ್ಲ, ಎಂಟ್ರಿಯನ್ನು ಮತ್ತೆ ತಾಳೆ ನೋಡಬೇಕಾಗುತ್ತಿದೆ. ಕಣ್ಣಿನ ಪರೀಕ್ಷೆ ಮಾಡಿಸಿ ಕಂಪ್ಯೂಟರ್ ದೂರಕ್ಕೆ ಸರಿಯಾದ ಕನ್ನಡಕ ಪಡೆದಿದ್ದೇನೆ. ವೈದ್ಯರ ಚೀಟಿಯನ್ನೂ ಲಗತ್ತಿಸಿದ್ದೇನೆ.

ನನ್ನ ಕೋರಿಕೆ ಎರಡು. ಮೊದಲನೆಯದು, ಕಿಟಕಿ ನನ್ನ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿಕೊಳ್ಳಲು ಅನುಮತಿ ಕೊಡಬೇಕು. ಅದು ಆಗದಿದ್ದರೆ ಕಿಟಕಿಗೆ ರೋಲರ್ ಬ್ಲೈಂಡ್ ಹಾಕಿಸಬೇಕು. ಎರಡನೆಯದು, ಊಟ ಮತ್ತು ಚಹಾದ ಬಿಡುವಿನ ಹೊರತಾಗಿ 10:30, 11:30, 12:30 ಮತ್ತು 3:30ಕ್ಕೆ ತಲಾ 5 ನಿಮಿಷ ಪರದೆಯಿಂದ ಏಳಲು ಅವಕಾಶ ಕೊಡಬೇಕು. ಪ್ರಿಂಟ್ ತರುವುದು, ಫೈಲು ತಲುಪಿಸುವುದು ಮುಂತಾದ ಕೆಲಸಗಳನ್ನು ಆ ಹೊತ್ತಿಗೇ ಇಟ್ಟುಕೊಳ್ಳುತ್ತೇನೆ.

ಇದನ್ನು 4 ವಾರ ನೋಡಬಹುದು. ದಿನದ ಎಂಟ್ರಿ, ತಿದ್ದಿದ ಎಂಟ್ರಿ ಮತ್ತು ಕಣ್ಣಿನ ತೊಂದರೆಯ ಲೆಕ್ಕವನ್ನು ಬರೆದಿಟ್ಟು ಕೊನೆಗೆ ತಮಗೆ ಒಪ್ಪಿಸುತ್ತೇನೆ. ಅದನ್ನು ನೋಡಿ ಮುಂದುವರಿಸುವ ಬಗ್ಗೆ ತೀರ್ಮಾನಿಸಬೇಕಾಗಿ ಕೋರುತ್ತೇನೆ.

ವಂದನೆಗಳೊಂದಿಗೆ, (ಸಹಿ)

ಫೋಟೋದಲ್ಲಿ ನಿಮ್ಮ ಮುಖ ಕನ್ನಡಿಯಂತೆ ಕಂಡಿದ್ದರೆ ಮಾತ್ರ ಮೊದಲ ಕೋರಿಕೆಗೆ ಒಂದು ಸಾಲು ಸೇರಿಸಿ: "ನನ್ನ ಮಾನಿಟರ್ ಹೊಳಪಿನ ಗಾಜಿನದು, ಅದರ ಅಳತೆಗೆ ಸರಿಯಾದ ಮ್ಯಾಟ್ ಆಂಟಿ-ಗ್ಲೇರ್ ಫಿಲ್ಟರ್ ಒಂದನ್ನು ಪರೀಕ್ಷೆಗೆ ಕೊಡಿಸಿ, ಪ್ರೈವಸಿ ಫಿಲ್ಟರ್ ಬೇಡ." 3 ಮತ್ತು 8ರ ಮಾತು ನಿಮಗೆ ನಿಜವಾಗಿ ಆಗಿದ್ದರೆ ಇಡಿ, ಇಲ್ಲದಿದ್ದರೆ ನಿಮಗೆ ಆಗುತ್ತಿರುವುದನ್ನೇ ಬರೆಯಿರಿ. ಪತ್ರವನ್ನು ಕೈಗೆ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ, ಇಮೇಲ್‌ನಲ್ಲೂ ಕಳಿಸಿ. ಹದಿನೈದು ದಿನ ಉತ್ತರ ಬಾರದಿದ್ದರೆ ಅದೇ ಇಮೇಲ್‌ನ ಕೆಳಗೇ ಎರಡು ಸಾಲಿನ ನೆನಪೋಲೆ ಕಳಿಸಿ. ಬಿಡುವಿಗೆ ಒಲ್ಲೆ ಎಂದರೂ ಮೇಜು ತಿರುಗಿಸಲು ಒಪ್ಪಿದರೆ ತಕ್ಷಣ ತಿರುಗಿಸಿಕೊಳ್ಳಿ, ಎರಡೂ ಒಟ್ಟಿಗೇ ಆಗಲಿ ಎಂದು ಹಟ ಹಿಡಿಯಬೇಡಿ. ಜಾಗ ಬದಲಾದ ಮೇಲೂ ಉರಿ ಉಳಿದರೆ, ಅದು ಬೆಳಕಿನಿಂದ ಬಂದದ್ದಲ್ಲ ಎಂದು ತೋರಿಸಲು ನಿಮಗೆ ಆಧಾರ ಸಿಕ್ಕಂತಾಯಿತು. ಬಿಡುವಿನ ಕೋರಿಕೆಯನ್ನು ಅದರ ಮೇಲೆ ಮತ್ತೆ ಇಡಬಹುದು.

ಈ ನಡುವೆ ಮೆಡಿಕಲ್ ಶಾಪಿನಲ್ಲಿ "ಕಣ್ಣುರಿಗೆ ಏನಾದರೂ ಕೊಡಿ" ಎಂದು ಕೇಳಿ ಹನಿ ತರಬೇಡಿ. ಕೆಲವೊಮ್ಮೆ ಸ್ಟೀರಾಯ್ಡ್ ಇರುವ ಹನಿ ಕೊಟ್ಟುಬಿಡುತ್ತಾರೆ. ಎರಡೇ ದಿನಕ್ಕೆ ಹಾಯೆನಿಸುತ್ತದೆ, ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ನರಕ್ಕೇ ಹಾನಿಯಾಗಬಹುದು. ಹೀಗೆ ದೃಷ್ಟಿ ಕಳೆದುಕೊಂಡವರನ್ನು ನೋಡಿದ್ದೇನೆ, ಆಗ ನಮ್ಮ ಕೈಯಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಕಣ್ಣೀರಿನಂತೆ ತೇವ ಕೊಡುವ ಹನಿ ಸಾಕು, ಅದನ್ನೂ ವೈದ್ಯರಿಂದ ಬರೆಸಿಕೊಳ್ಳಿ. ಒಂದು ವಸ್ತು ಎರಡಾಗಿ ಕಂಡರೆ, ಒಂದೇ ಕಣ್ಣು ಕೆಂಪಾಗಿ ಜೋರಾಗಿ ನೋಯ್ದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ದೃಷ್ಟಿ ಹಠಾತ್ತನೆ ಮಂಜಾದರೆ ಅದನ್ನು ಕಂಪ್ಯೂಟರಿನ ಲೆಕ್ಕಕ್ಕೆ ಹಾಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಅನುಮತಿ ಸಿಕ್ಕ ದಿನದಿಂದ ಒಂದು ಚಿಕ್ಕ ನೋಟ್‌ಬುಕ್ ಮೇಜಿನ ಮೇಲಿರಲಿ. 11, 1, 4 ಮತ್ತು 6 ಗಂಟೆಗೆ ಕಣ್ಣಿನ ತೊಂದರೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ, ಪಕ್ಕದಲ್ಲಿ ಆ ದಿನ ತಿದ್ದಿದ ಎಂಟ್ರಿ ಎಷ್ಟು ಎಂದು ಬರೆಯಿರಿ. ಆದರೆ ಒಂದು ವಾರದ ಲೆಕ್ಕ ಜಾಗ ಬದಲಾಗುವ ಮೊದಲಿನದೇ ಇರಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಆದ್ದರಿಂದ ನೋಟ್‌ಬುಕ್ಕನ್ನು ನಾಳೆಯೇ ಶುರು ಮಾಡಿ. ನಾಲ್ಕನೇ ವಾರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಗೆ ಮತ್ತೆ ಮಾನಿಟರ್ ಆರಿಸಿ, ಕೂತಲ್ಲಿಂದಲೇ ಎರಡನೇ ಫೋಟೋ ತೆಗೆದು, ಮೊದಲನೆಯದರ ಪಕ್ಕ ಅಂಟಿಸಿ ನೋಟ್‌ಬುಕ್ಕಿನ ಜೊತೆ ಕೊಡಿ.